ಕೀಟೋನಿನಿಂದ ಎಸ್ಟರ್: ಪೆರಾಸಿಡ್ ಬಳಸುವ ಕ್ರಮ ಮತ್ತು ಯಾವ ಗುಂಪು ವಲಸೆ ಹೋಗುತ್ತದೆ ಎಂದು ತೀರ್ಮಾನಿಸುವ ಬಗೆ

2-ಮೀಥೈಲ್‌ಸೈಕ್ಲೋಹೆಕ್ಸನೋನ್‌ಗೆ ಪೆರಾಸಿಡ್ ಹಾಕಿದರೆ ಆರು ಸದಸ್ಯರ ಉಂಗುರದೊಳಕ್ಕೆ ಒಂದು ಆಕ್ಸಿಜನ್ ಸೇರಿಕೊಂಡು ಏಳು ಸದಸ್ಯರ ಲ್ಯಾಕ್ಟೋನ್ ಆಗುತ್ತದೆ. ಕಾರ್ಬೊನಿಲ್‌ನ ಎಡಕ್ಕೊಂದು, ಬಲಕ್ಕೊಂದು ಕಾರ್ಬನ್ ಇದೆ. ಆಕ್ಸಿಜನ್ ಯಾವ ಬದಿಗೆ ಹೋಗಿ ಕೂರುತ್ತದೆ? ಬೇಯರ್–ವಿಲಿಗರ್ ಆಕ್ಸಿಡೇಶನ್ ಕಲಿಯುವವರೆಲ್ಲ ಈ ಪ್ರಶ್ನೆಗೆ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ. ಪಟ್ಟಿ ತಪ್ಪಲ್ಲ. ಆದರೆ ಅದನ್ನು ಒಪ್ಪಿಸಿ ಸುಮ್ಮನಾದವರಿಗೆ ಫ್ಲಾಸ್ಕಿನಲ್ಲಿ ನಿಜವಾಗಿ ಯಾವ ಎಸ್ಟರ್ ಬಂದಿದೆ ಎಂದು ಗುರುತಿಸಲು ಆಗುವುದಿಲ್ಲ, ಪಟ್ಟಿ ಕೈಕೊಡುವ ಜಾಗದಲ್ಲಿ ಏನು ಮಾಡಬೇಕೆಂದೂ ತಿಳಿಯುವುದಿಲ್ಲ. ಅದಕ್ಕೇ ಇಲ್ಲಿ ಈ ಒಂದೇ ಕೀಟೋನನ್ನು ಹಿಡಿದು, ಕಾಗದದ ಮೇಲಿನ ತೀರ್ಮಾನದಿಂದ ಎನ್‌ಎಂಆರ್ ಓದುವವರೆಗೂ ಹೋಗೋಣ. ಬೇರೆ ಕೀಟೋನ್‌ಗಳು ಬೇಕಾದಷ್ಟು ಮಾತ್ರ ನಡುವೆ ಬರುತ್ತವೆ.

## ಮೊದಲು ಒಳಗೆ ನಡೆಯುವುದೇನು

ಅಡಾಲ್ಫ್ ಫಾನ್ ಬೇಯರ್ ಮತ್ತು ವಿಕ್ಟರ್ ವಿಲಿಗರ್ 1899ರಲ್ಲಿ ಮೆಂಥೋನ್, ಕ್ಯಾಂಫರ್‌ನಂಥ ಕೀಟೋನ್‌ಗಳಿಗೆ ಕ್ಯಾರೋ ಆಮ್ಲ, ಅಂದರೆ ಪೆರಾಕ್ಸಿಮೋನೋಸಲ್ಫ್ಯೂರಿಕ್ ಆಮ್ಲ, ಹಾಕಿ ಲ್ಯಾಕ್ಟೋನ್ ಪಡೆದರು. ಅದು ಹೇಗಾಗುತ್ತದೆ ಎನ್ನುವುದಕ್ಕೆ ಈಗ ನಾವು ಒಪ್ಪಿರುವ ವಿವರಣೆಯನ್ನು ರುಡಾಲ್ಫ್ ಕ್ರೀಗೆ 1948ರಲ್ಲಿ ಕೊಟ್ಟರು.

ಎರಡು ಹಂತ ಇವೆ. ಮೊದಲಿಗೆ ಪೆರಾಸಿಡ್‌ನ ತುದಿಯ ಆಕ್ಸಿಜನ್ ಕಾರ್ಬೊನಿಲ್ ಕಾರ್ಬನ್‌ಗೆ ಬಂದು ಅಂಟಿಕೊಳ್ಳುತ್ತದೆ. ಆಗ ಆ ಕಾರ್ಬನ್ ಮೇಲೆ ನಾಲ್ಕು ಗುಂಪುಗಳಾಗುತ್ತವೆ: ಒಂದು OH, ಪೆರಾಸಿಡ್‌ನಿಂದ ಬಂದ ಒಂದು O–O ಸರಪಳಿ, ಮತ್ತು ಕೀಟೋನಿನ ಹಳೆಯ ಎರಡು ಗುಂಪುಗಳು. ಇದೇ ಕ್ರೀಗೆ ಮಧ್ಯಂತರ. ಎರಡನೆಯ ಹಂತದಲ್ಲಿ O–O ಬಂಧ ಮುರಿಯುತ್ತದೆ, ಕಾರ್ಬಾಕ್ಸಿಲೇಟ್ ಕಳಚಿಕೊಂಡು ಹೋಗುತ್ತದೆ, ಅದೇ ಕ್ಷಣದಲ್ಲಿ ಹಳೆಯ ಎರಡು ಗುಂಪುಗಳಲ್ಲಿ ಒಂದು ತನ್ನ ಬಂಧದ ಇಲೆಕ್ಟ್ರಾನ್ ಜೋಡಿಯನ್ನು ಹಿಡಿದುಕೊಂಡೇ ಕಾರ್ಬನ್‌ನಿಂದ ಪಕ್ಕದ ಆಕ್ಸಿಜನ್‌ಗೆ ದಾಟುತ್ತದೆ. OH ತನ್ನ ಪ್ರೋಟಾನ್ ಬಿಟ್ಟು ಹೊಸ C=O ಆಗುತ್ತದೆ.

ಈ ಚಿತ್ರದಿಂದ ಮೂರು ವಿಷಯ ನೇರವಾಗಿ ಸಿಗುತ್ತವೆ. ಕೀಟೋನಿನ ಆಕ್ಸಿಜನ್ ಎಸ್ಟರಿನ C=O ಆಕ್ಸಿಜನ್ ಆಗಿಯೇ ಉಳಿಯುತ್ತದೆ, ನಡುವೆ ತೂರುವುದು ಪೆರಾಸಿಡ್‌ನ ಆಕ್ಸಿಜನ್. ಡೋರಿಂಗ್ ಮತ್ತು ಡಾರ್ಫ್‌ಮನ್ 1953ರಲ್ಲಿ ¹⁸O ಗುರುತು ಹಾಕಿದ ಬೆಂಜೋಫೀನೋನ್ ಬಳಸಿ ಇದನ್ನು ಖಚಿತಪಡಿಸಿದರು. ಎರಡನೆಯದಾಗಿ, ದಾಟುವ ಗುಂಪು ಎಲ್ಲೂ ಬಿಡಿಯಾಗಿ ಅಲೆಯುವುದಿಲ್ಲವಾದ್ದರಿಂದ ಅದರ ಸ್ಟೀರಿಯೋ ಕೇಂದ್ರ ಇದ್ದಂತೆಯೇ ಉಳಿಯುತ್ತದೆ. ಮೂರನೆಯದು ನಮಗೆ ಅತಿ ಮುಖ್ಯ: ದಾಟುವ ಹೊತ್ತಿನಲ್ಲಿ ಆ ಗುಂಪಿನ ಕಾರ್ಬನ್ ಮೇಲೆ ಭಾಗಶಃ ಧನಾವೇಶ ಬರುತ್ತದೆ. ಆ ಧನಾವೇಶವನ್ನು ಯಾವುದು ಚೆನ್ನಾಗಿ ತಡೆದುಕೊಳ್ಳುತ್ತದೋ ಅದು ಮೊದಲು ದಾಟುತ್ತದೆ.

## ತೀರ್ಮಾನ: ಯಾರು ದಾಟುತ್ತಾರೆ

ಬಾಯಿಪಾಠದ ಪಟ್ಟಿ ಇದು: ಟರ್ಷಿಯರಿ ಆಲ್ಕೈಲ್, ನಂತರ ಸೈಕ್ಲೋಹೆಕ್ಸೈಲ್, ಅದರ ಹಿಂದೆ ಉಳಿದ ಸೆಕೆಂಡರಿ ಆಲ್ಕೈಲ್ ಮತ್ತು ಬೆಂಜೈಲ್, ನಂತರ ಫೀನೈಲ್, ಆಮೇಲೆ ಪ್ರೈಮರಿ ಆಲ್ಕೈಲ್, ಕಟ್ಟಕಡೆಗೆ ಮೀಥೈಲ್. ಧನಾವೇಶದ ಮಾತು ನೆನಪಿದ್ದರೆ ಈ ಪಟ್ಟಿಯ ಬಹುಭಾಗವನ್ನು ಯಾರು ಬೇಕಾದರೂ ತಾವೇ ಬರೆಯಬಹುದು.

ನಾನು ಮಾಡುವ ಕ್ರಮ ಹೀಗಿದೆ. ಕೀಟೋನನ್ನು ಬರೆದು, ಕಾರ್ಬೊನಿಲ್‌ಗೆ ನೇರವಾಗಿ ಅಂಟಿದ ಎರಡು ಕಾರ್ಬನ್‌ಗಳಿಗೆ ಮಾತ್ರ ಸುತ್ತು ಹಾಕುತ್ತೇನೆ. ದೂರದಲ್ಲಿರುವ ಕವಲುಗಳು ಕಣ್ಣಿಗೆ ದೊಡ್ಡದಾಗಿ ಕಂಡರೂ ಇಲ್ಲಿ ಅವಕ್ಕೆ ಹೆಚ್ಚು ಬೆಲೆಯಿಲ್ಲ. 2-ಮೀಥೈಲ್‌ಸೈಕ್ಲೋಹೆಕ್ಸನೋನ್‌ನಲ್ಲಿ ಒಂದು ಬದಿ C2. ಅದರ ಮೇಲೆ ಮೀಥೈಲ್ ಇದೆ, ಉಂಗುರದ ಕಾರ್ಬನ್ ಇದೆ, ಒಂದು ಹೈಡ್ರೋಜನ್ ಇದೆ. ಅಂದರೆ ದಾಟುವ ಗುಂಪಾಗಿ ನೋಡಿದರೆ ಅದು ಸೆಕೆಂಡರಿ. ಇನ್ನೊಂದು ಬದಿ C6. ಅದು CH₂, ಅಂದರೆ ಪ್ರೈಮರಿ. ಇಲ್ಲಿ ಎಣಿಕೆ ತಪ್ಪುವವರು ಬಹಳ ಮಂದಿ. ಕಾರ್ಬೊನಿಲ್ ಕಾರ್ಬನನ್ನೂ ಸೇರಿಸಿ ಎಣಿಸಿ C2 ಟರ್ಷಿಯರಿ ಎಂದುಬಿಡುತ್ತಾರೆ. ದಾಟುವ ಗುಂಪು ಕಾರ್ಬೊನಿಲನ್ನು ಬಿಟ್ಟು ಹೋಗುತ್ತಿದೆ, ಹಾಗಾಗಿ ಅದನ್ನು ಎಣಿಕೆಗೆ ಸೇರಿಸಬಾರದು.

ಸೆಕೆಂಡರಿಗೂ ಪ್ರೈಮರಿಗೂ ಪೈಪೋಟಿ ಎಂದಾದರೆ ಸೆಕೆಂಡರಿ ದಾಟುತ್ತದೆ. ಆಕ್ಸಿಜನ್ C2 ಪಕ್ಕಕ್ಕೆ ಬರುತ್ತದೆ, ಉತ್ಪನ್ನ 7-ಮೀಥೈಲ್‌ಆಕ್ಸೆಪಾನ್-2-ಓನ್. ಹಳೆಯ ಹೆಸರಲ್ಲಿ 6-ಮೀಥೈಲ್-ಕ್ಯಾಪ್ರೋಲ್ಯಾಕ್ಟೋನ್. ಬರದೇ ಇರಬೇಕಾದದ್ದು, C6 ದಾಟಿದರೆ ಸಿಗುವ 3-ಮೀಥೈಲ್‌ಆಕ್ಸೆಪಾನ್-2-ಓನ್. ಎರಡರ ರಚನೆಯನ್ನೂ ನೋಟ್‌ಬುಕ್ಕಿನಲ್ಲಿ ಈಗಲೇ ಬರೆದಿಡಿ. ಬರದಿರಬೇಕಾದ ಉತ್ಪನ್ನದ ಚಿತ್ರ ಮುಂದೆ ಎನ್‌ಎಂಆರ್ ಓದುವಾಗ ಬರಬೇಕಾದದ್ದರಷ್ಟೇ ಕೆಲಸಕ್ಕೆ ಬರುತ್ತದೆ.

ಶುರು ಮಾಡಿದ್ದು ಶುದ್ಧ R ಕೀಟೋನ್ ಆಗಿದ್ದರೆ ಸಿಗುವ ಲ್ಯಾಕ್ಟೋನ್ ಕೂಡ R. ಇಲ್ಲಿ ಅಕ್ಷರ ಬದಲಾಗದಿರುವುದಕ್ಕೆ ಕಾರಣ, ಕೀಟೋನಿನಲ್ಲಿ ಆದ್ಯತೆಯ ಮೊದಲ ಸ್ಥಾನದಲ್ಲಿದ್ದ ಕಾರ್ಬೊನಿಲ್ ಕಾರ್ಬನ್ ಜಾಗಕ್ಕೆ ಆಕ್ಸಿಜನ್ ಬಂದಿದೆ, ಅದೂ ಮೊದಲ ಸ್ಥಾನದಲ್ಲೇ ಇದೆ. ಬೇರೆ ಅಣುವಿನಲ್ಲಿ ಆದ್ಯತೆ ಬದಲಾಗಿ ಅಕ್ಷರ ತಿರುಗಬಹುದು, ಜೋಡಣೆ ಮಾತ್ರ ತಿರುಗುವುದಿಲ್ಲ. ಒಂದು ಅಪಾಯ ಇದೆ: ಕೀಟೋನ್ ಆಮ್ಲದಲ್ಲಿ ಬಹಳ ಹೊತ್ತು ಕೂತರೆ ಈನಾಲ್ ಮೂಲಕ C2 ರೇಸಿಮಿಕ್ ಆಗಬಹುದು. ಆ ನಷ್ಟ ವಲಸೆಯದಲ್ಲ, ಅದಕ್ಕೂ ಮುಂಚಿನದು.

## ಆರೈಲ್ ಗುಂಪುಗಳಿದ್ದರೆ

ಬೆಂಜೀನ್ ಉಂಗುರ ಬಂದಾಗ ಪಟ್ಟಿಯಲ್ಲಿನ "ಫೀನೈಲ್" ಎಂಬ ಒಂದು ಹೆಸರು ಸಾಲದು. ಉಂಗುರದ ಮೇಲೆ ಏನಿದೆ ಎನ್ನುವುದೇ ಆಟವನ್ನು ನಿರ್ಧರಿಸುತ್ತದೆ. ಇಲೆಕ್ಟ್ರಾನ್ ಕೊಡುವ ಪ್ಯಾರಾ-ಮೀಥಾಕ್ಸಿ ಇದ್ದರೆ ಆ ಆರೈಲ್ ಚುರುಕಾಗಿ ದಾಟುತ್ತದೆ. ಪ್ಯಾರಾ-ಮೀಥೈಲ್ ಸ್ವಲ್ಪ ಕಡಿಮೆ, ನಂತರ ಬರಿಯ ಫೀನೈಲ್, ನಂತರ ಪ್ಯಾರಾ-ಕ್ಲೋರೋ, ಎಲ್ಲಕ್ಕೂ ಹಿಂದೆ ಪ್ಯಾರಾ-ನೈಟ್ರೋ.

4-ಮೀಥಾಕ್ಸಿಅಸಿಟೋಫೀನೋನ್‌ನಲ್ಲಿ ಎದುರಾಳಿ ಮೀಥೈಲ್ ಮಾತ್ರ, ಹಾಗಾಗಿ ಆರೈಲ್ ದಾಟಿ 4-ಮೀಥಾಕ್ಸಿಫೀನೈಲ್ ಅಸಿಟೇಟ್ ಬರುತ್ತದೆ. ಅದನ್ನು ಜಲವಿಭಜನೆ ಮಾಡಿದರೆ ಫೀನಾಲ್. ಉಂಗುರದ ಮೇಲಿನ ಅಸಿಟೈಲನ್ನು OH ಮಾಡಲು ಇದು ಒಳ್ಳೆಯ ದಾರಿ. 4-ನೈಟ್ರೋಬೆಂಜೋಫೀನೋನ್ ಇನ್ನೂ ಕುತೂಹಲಕರ. ಎರಡೂ ಬದಿ ಆರೈಲ್, ಆದರೆ ದಾಟುವುದು ನೈಟ್ರೋ ಇಲ್ಲದ ಉಂಗುರ. ಸಿಗುವುದು ಫೀನೈಲ್ 4-ನೈಟ್ರೋಬೆಂಜೋಯೇಟ್. ಅದನ್ನು ಜಲವಿಭಜಿಸಿದಾಗ ಫೀನಾಲ್ ಮತ್ತು 4-ನೈಟ್ರೋಬೆಂಜೋಯಿಕ್ ಆಮ್ಲ ಸಿಕ್ಕರೆ ತೀರ್ಮಾನ ಸರಿ. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಜನ ಹೀಗೇ ಪತ್ತೆ ಮಾಡುತ್ತಿದ್ದರು, ಇವತ್ತಿಗೂ ಅನುಮಾನ ಬಂದಾಗ ಇದು ಗಟ್ಟಿ ಸಾಕ್ಷಿ.

ಫೀನೈಲ್ ಮತ್ತು ಸೆಕೆಂಡರಿ ಆಲ್ಕೈಲ್ ಎದುರುಬದುರಾದ ಕಡೆ, ಉದಾಹರಣೆಗೆ ಐಸೋಪ್ರೊಪೈಲ್ ಫೀನೈಲ್ ಕೀಟೋನ್‌ನಲ್ಲಿ, ಒಂದೇ ಉತ್ಪನ್ನಕ್ಕೆ ಆಸೆ ಪಡಬೇಡಿ. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ ಎಂದರೆ ಮಿಶ್ರಣ ಬರುತ್ತದೆ ಎಂದೇ ಓದಿಕೊಳ್ಳಬೇಕು. ಸಂಶ್ಲೇಷಣೆಯ ಯೋಜನೆಯಲ್ಲಿ ಇಂಥ ಹೆಜ್ಜೆ ಇದ್ದರೆ ನಾನು ಯೋಜನೆಯನ್ನೇ ಬದಲಿಸುತ್ತೇನೆ.

## ಪಟ್ಟಿ ಸಾಲದ ಕಡೆ: ಜ್ಯಾಮಿತಿ

ಧನಾವೇಶ ತಡೆದುಕೊಳ್ಳುವ ಶಕ್ತಿ ಇದ್ದರಷ್ಟೇ ಸಾಲದು, ಗುಂಪು ಸರಿಯಾದ ಜಾಗದಲ್ಲಿ ನಿಂತಿರಬೇಕು. ದಾಟುವ C–C ಬಂಧ, ಮುರಿಯುವ O–O ಬಂಧಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ, ಒಂದೇ ಸಮತಲದಲ್ಲಿ ಇರಬೇಕು. ಹಿಂದಿನಿಂದ ಬರುವ ಇಲೆಕ್ಟ್ರಾನ್ ಜೋಡಿ ಮುಂದಿನ ಬಂಧವನ್ನು ತಳ್ಳಬೇಕಲ್ಲ, ಅದಕ್ಕೆ. ತೆರೆದ ಸರಪಳಿಯ ಕೀಟೋನಿನಲ್ಲಿ ಬಂಧಗಳು ಸಲೀಸಾಗಿ ತಿರುಗುವುದರಿಂದ ಎರಡೂ ಗುಂಪುಗಳಿಗೆ ಆ ಭಂಗಿ ಸಿಗುತ್ತದೆ, ಗೆಲ್ಲುವುದು ಇಲೆಕ್ಟ್ರಾನ್ ಲೆಕ್ಕ. ಬಿಗಿಯಾದ ದ್ವಿಉಂಗುರ ಅಣುಗಳಲ್ಲಿ ಒಂದು ಭಂಗಿ ಸಿಗದೇ ಹೋಗಬಹುದು, ಆಗ ಲೆಕ್ಕ ತಲೆಕೆಳಗಾಗುವುದೂ ಉಂಟು.

ನಾರ್‌ಕ್ಯಾಂಫರ್‌ನಂಥ ಸರಳ ಅಣುವಿನಲ್ಲಿ ಪಟ್ಟಿಯೇ ನಡೆಯುತ್ತದೆ: ಸೇತುವೆಯ ತುದಿಯ ಕಾರ್ಬನ್ ದಾಟುತ್ತದೆ, CH₂ ಉಳಿಯುತ್ತದೆ. ಆದರೆ ಜ್ಯಾಮಿತಿಯ ಬಲ ಎಷ್ಟೆಂದು ನೋಡಬೇಕಿದ್ದರೆ ಕಿಣ್ವಗಳನ್ನು ನೋಡಬೇಕು. ಅಸಿನೆಟೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೈಕ್ಲೋಹೆಕ್ಸನೋನ್ ಮೋನೋಆಕ್ಸಿಜನೇಸ್‌ಗೆ ಬೈಸೈಕ್ಲೋ[3.2.0]ಹೆಪ್ಟ್-2-ಈನ್-6-ಓನ್ ಕೊಟ್ಟರೆ, ಒಂದು ಎನ್ಯಾಂಟಿಯೋಮರ್‌ನಲ್ಲಿ ಹೆಚ್ಚು ಕವಲಿನ ಕಾರ್ಬನ್ ದಾಟುತ್ತದೆ, ಇನ್ನೊಂದರಲ್ಲಿ ಕಡಿಮೆ ಕವಲಿನ CH₂ ದಾಟುತ್ತದೆ. ಕಿಣ್ವದ ಜೇಬಿನಲ್ಲಿ ಆ ಅಣು ಕೂರುವ ರೀತಿಯೇ ಅದಕ್ಕೆ ಕಾರಣ. ಫ್ಲಾಸ್ಕಿನ ಪೆರಾಸಿಡ್ ಇಷ್ಟು ಹಟ ಮಾಡುವುದಿಲ್ಲ, ಆದರೂ ಬಿಗಿ ಉಂಗುರ ಕಂಡಾಗ ಒಂದು ಮಾದರಿ ಕಟ್ಟಿ ಭಂಗಿ ನೋಡುವುದು ಒಳ್ಳೆಯದು.

## ಅಣುವಿನಲ್ಲಿ ಬೇರೇನಾದರೂ ಇದೆಯೇ

ಪೆರಾಸಿಡ್ ಕೀಟೋನನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಸಲ್ಫೈಡ್ ಮತ್ತು ಅಮೀನ್‌ಗಳನ್ನು ಅದು ಮೊದಲು ಹಿಡಿಯುತ್ತದೆ. ಸಾಮಾನ್ಯ ಆಲ್ಕೀನ್ ಇದ್ದರೆ ಎಪಾಕ್ಸೈಡ್ ಆಗುವ ವೇಗ ಸಾಧಾರಣ ಕೀಟೋನ್ ಎಸ್ಟರಾಗುವ ವೇಗಕ್ಕಿಂತ ಹೆಚ್ಚು. ಉಂಗುರದಲ್ಲಿ ಸೆಳೆತವಿರುವ ಕೀಟೋನ್‌ಗಳು ಮಾತ್ರ ಇದಕ್ಕೆ ಹೊರತು. ಕೋರಿ ಪ್ರೊಸ್ಟಗ್ಲಾಂಡಿನ್ ಸಂಶ್ಲೇಷಣೆಯಲ್ಲಿ ಬಳಸಿದ ಬೈಸೈಕ್ಲೋ[2.2.1] ಕೀಟೋನಿನಲ್ಲಿ ಆಲ್ಕೀನ್ ಪಕ್ಕದಲ್ಲೇ ಇದ್ದರೂ ಎಂಸಿಪಿಬಿಎ ಎಂಬ ಪೆರಾಸಿಡ್ ಕೀಟೋನನ್ನು ಆರಿಸಿಕೊಂಡು ಲ್ಯಾಕ್ಟೋನ್ ಕೊಟ್ಟಿತು. ಸೈಕ್ಲೋಬ್ಯೂಟನೋನ್‌ಗಳು ಇನ್ನೂ ಉತ್ಸಾಹಿಗಳು. ಅವಕ್ಕೆ ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡೇ ಸಾಕು, ಒಂಟಿ ಆಲ್ಕೀನನ್ನು ಅದು ಮುಟ್ಟುವುದಿಲ್ಲ. ನಮ್ಮ 2-ಮೀಥೈಲ್‌ಸೈಕ್ಲೋಹೆಕ್ಸನೋನ್‌ನಲ್ಲಿ ಇಂಥ ತೊಂದರೆ ಯಾವುದೂ ಇಲ್ಲ.

## ಯಾವ ಪೆರಾಸಿಡ್

ಕಳಚಿಕೊಂಡು ಹೋಗುವ ಕಾರ್ಬಾಕ್ಸಿಲಿಕ್ ಆಮ್ಲ ಎಷ್ಟು ಬಲವಾದದ್ದೋ ಪೆರಾಸಿಡ್ ಅಷ್ಟು ಚುರುಕು. ಟ್ರೈಫ್ಲೋರೋಪೆರಾಸಿಟಿಕ್ ಆಮ್ಲ ಎಲ್ಲಕ್ಕಿಂತ ಜೋರು, ಎಂಸಿಪಿಬಿಎ ಅಂದರೆ ಮೆಟಾ-ಕ್ಲೋರೋಪೆರ್‌ಬೆಂಜೋಯಿಕ್ ಆಮ್ಲ ನಡುವೆ, ಪೆರಾಸಿಟಿಕ್ ಆಮ್ಲ ಅದಕ್ಕಿಂತ ನಿಧಾನ. ಟ್ರೈಫ್ಲೋರೋ ಬಳಸುವವರು ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಬಫರ್ ಹಾಕುತ್ತಾರೆ. ಇಲ್ಲದಿದ್ದರೆ ಉಪಉತ್ಪನ್ನವಾಗಿ ಬರುವ ಟ್ರೈಫ್ಲೋರೋಅಸಿಟಿಕ್ ಆಮ್ಲ ಹೊಸ ಎಸ್ಟರಿನ ಮೇಲೆ ಬಿದ್ದು ಅದನ್ನು ಒಡೆಯುತ್ತದೆ. ಸಣ್ಣ ಪ್ರಮಾಣದ ಕೆಲಸಕ್ಕೆ ನಾನು ಯಾವಾಗಲೂ ಎಂಸಿಪಿಬಿಎ ಎನ್ನುತ್ತೇನೆ. ತೂಗಬಹುದಾದ ಘನ, ಡೈಕ್ಲೋರೋಮೀಥೇನ್‌ನಲ್ಲಿ ಕರಗುತ್ತದೆ. ಸೋಮಾರಿ ಅಸಿಟೋಫೀನೋನ್ ಬಂದರೆ ಅದರ ಜೊತೆಗೆ ಸ್ವಲ್ಪ ಟ್ರೈಫ್ಲೋರೋಅಸಿಟಿಕ್ ಆಮ್ಲ ಸೇರಿಸಿ ವೇಗ ಹೆಚ್ಚಿಸಬಹುದು.

ಮಾರುಕಟ್ಟೆಯ ಎಂಸಿಪಿಬಿಎ 77%ಕ್ಕಿಂತ ಹೆಚ್ಚು ಶುದ್ಧವಿರುವುದಿಲ್ಲ. ಉಳಿದದ್ದು ನೀರು ಮತ್ತು ಮೆಟಾ-ಕ್ಲೋರೋಬೆಂಜೋಯಿಕ್ ಆಮ್ಲ. ಅದನ್ನು ಬೇಕೆಂದೇ ತೇವವಾಗಿ ಇಟ್ಟಿರುತ್ತಾರೆ, ಏಕೆಂದರೆ ಶುದ್ಧವಾದ ಒಣ ಪುಡಿ ಪೆಟ್ಟು ಬಿದ್ದರೆ ಅಥವಾ ಬಿಸಿಯಾದರೆ ಸಿಡಿಯಬಹುದು. ಆದ್ದರಿಂದ ಅದನ್ನು ಒಣಗಿಸಲು ಹೋಗಬೇಡಿ, ಅದರ ದ್ರಾವಣವನ್ನು ಆವಿಯಾಗಿಸಿ ಗಟ್ಟಿ ಮಾಡಬೇಡಿ. ಲೋಹದ ಸ್ಪ್ಯಾಚುಲಾ ಬಿಟ್ಟು ಪ್ಲಾಸ್ಟಿಕ್ ಬಳಸಿ. ಡಬ್ಬಿ ಫ್ರಿಜ್ಜಿನಲ್ಲಿರಲಿ. ಪಾತ್ರೆ ತೊಳೆಯಲು ಅಸಿಟೋನ್ ಬಾಟಲಿಗೆ ಕೈ ಹೋಗುವುದು ಲ್ಯಾಬಿನವರ ಅಭ್ಯಾಸ. ಪೆರಾಕ್ಸೈಡ್ ಇರುವ ಪಾತ್ರೆಗೆ ಅಸಿಟೋನ್ ಹಾಕಲೇಬಾರದು. ಇಡೀ ಕೆಲಸ ಫ್ಯೂಮ್ ಹುಡ್ ಒಳಗೆ, ಶೀಲ್ಡ್ ಹಿಂದೆ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು ನಡೆಯಬೇಕು.

## ಎಷ್ಟು ಬಲವಿದೆ ಎಂದು ಅಳೆಯುವುದು

ಡಬ್ಬಿಯ ಮೇಲೆ ಬರೆದ ಶೇಕಡಾವಾರನ್ನು ನಂಬಿ ತೂಗುವುದು ಈ ಪ್ರಯೋಗ ಅರ್ಧಕ್ಕೆ ನಿಲ್ಲಲು ಬಹು ಸಾಮಾನ್ಯ ಕಾರಣ. ಹಳೆಯ ಡಬ್ಬಿ ಬಲ ಕಳೆದುಕೊಂಡಿರುತ್ತದೆ. ಅಯೋಡಿನ್ ಟೈಟ್ರೇಶನ್‌ಗೆ ಹಿಡಿಯುವ ಸಮಯ ಕಡಿಮೆ, ಉಳಿಸುವ ಸಮಯ ಹೆಚ್ಚು.

ಸುಮಾರು 0.2 ಗ್ರಾಂ ಮಾದರಿಯನ್ನು ನಿಖರವಾಗಿ ತೂಗಿ, ಸ್ವಲ್ಪ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಹೆಚ್ಚಿನ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಹಾಕಿ. ಕಂದು ಬಣ್ಣದ ಅಯೋಡಿನ್ ಬಿಡುಗಡೆಯಾಗುತ್ತದೆ. ಅದನ್ನು 0.1 ಮೋಲಾರ್ ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡುತ್ತಾ ಹೋಗಿ, ಬಣ್ಣ ಹುಲ್ಲಿನ ಹಳದಿಗೆ ಇಳಿದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿ ಮಾಯವಾಗುವವರೆಗೆ ಮುಂದುವರಿಸಿ. ಒಂದು ಪೆರಾಸಿಡ್ ಅಣು ಒಂದು I₂ ಬಿಡಿಸುತ್ತದೆ, ಒಂದು I₂ಗೆ ಎರಡು ಥಯೋಸಲ್ಫೇಟ್ ಬೇಕು.

ಲೆಕ್ಕ ಹೀಗೆ: 0.200 ಗ್ರಾಂ ಮಾದರಿಗೆ 17.4 ಮಿಲೀ ಥಯೋಸಲ್ಫೇಟ್ ಹೋಯಿತು ಎಂದುಕೊಳ್ಳಿ. ಅದು 1.74 ಮಿಲಿಮೋಲ್. ಅರ್ಧ ಮಾಡಿದರೆ 0.87 ಮಿಲಿಮೋಲ್ ಪೆರಾಸಿಡ್. ಎಂಸಿಪಿಬಿಎ ಅಣುತೂಕ 172.57ರಿಂದ ಗುಣಿಸಿದರೆ 0.150 ಗ್ರಾಂ. ಅಂದರೆ ಡಬ್ಬಿಯಲ್ಲಿರುವುದು 75%.

## ಪ್ರಯೋಗ

10 ಮಿಲಿಮೋಲ್ ಕೀಟೋನ್ ತೆಗೆದುಕೊಳ್ಳೋಣ, ಅಂದರೆ 1.12 ಗ್ರಾಂ. ಪೆರಾಸಿಡ್ 1.3 ಸಮಾನ, 13 ಮಿಲಿಮೋಲ್. ಶುದ್ಧವಾಗಿದ್ದರೆ 2.24 ಗ್ರಾಂ ಬೇಕಿತ್ತು, 75% ಪುಡಿಯಲ್ಲಿ ಅದು 2.99 ಗ್ರಾಂ ಆಗುತ್ತದೆ. ಸೋಡಿಯಂ ಬೈಕಾರ್ಬೊನೇಟ್ 20 ಮಿಲಿಮೋಲ್, 1.68 ಗ್ರಾಂ. ಡೈಕ್ಲೋರೋಮೀಥೇನ್ 40 ಮಿಲೀ.

ಬೈಕಾರ್ಬೊನೇಟ್ ಏಕೆಂದರೆ, ಏಳು ಸದಸ್ಯರ ಲ್ಯಾಕ್ಟೋನ್ ಆಮ್ಲಕ್ಕೆ ನಾಜೂಕು. ಕ್ರಿಯೆ ಸಾಗಿದಂತೆ ಮೆಟಾ-ಕ್ಲೋರೋಬೆಂಜೋಯಿಕ್ ಆಮ್ಲ ಕೂಡುತ್ತಾ ಹೋಗುತ್ತದೆ, ಅದು ಉಂಗುರವನ್ನು ತೆರೆಯಲು ಸಹಾಯ ಮಾಡುತ್ತದೆ. ಬಫರಿಗೆ ಬೆಲೆಯೂ ಇದೆ: ಈ ಕ್ರಿಯೆಗೆ ಆಮ್ಲವೇ ವೇಗವರ್ಧಕ, ಹಾಗಾಗಿ ಬಫರ್ ಇದ್ದಾಗ ವೇಗ ತಗ್ಗುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಫ್ಲಾಸ್ಕಿನ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು.

ಕೀಟೋನ್, ಬೈಕಾರ್ಬೊನೇಟ್ ಮತ್ತು ಡೈಕ್ಲೋರೋಮೀಥೇನ್ ಅನ್ನು ಗುಂಡುತಳದ ಫ್ಲಾಸ್ಕಿಗೆ ಹಾಕಿ, ಕಾಂತದ ಕಲಕುವಿಕೆ ಶುರು ಮಾಡಿ, ಮಂಜುಗಡ್ಡೆಯ ಸ್ನಾನದಲ್ಲಿ 0 °Cಗೆ ಇಳಿಸಿ. ಪೆರಾಸಿಡ್ ಪುಡಿಯನ್ನು ನಾಲ್ಕೈದು ಕಂತುಗಳಲ್ಲಿ ಹತ್ತು ಹದಿನೈದು ನಿಮಿಷ ತೆಗೆದುಕೊಂಡು ಹಾಕಿ. ಒಟ್ಟಿಗೆ ಸುರಿದರೆ ಮೊದಲು ಏನೂ ಆಗದಂತೆ ಕಂಡು, ಆಮೇಲೆ ಒಮ್ಮೆಲೇ ಬಿಸಿಯೇರಿ ದ್ರಾವಕ ಕುದಿಯಬಹುದು. ಕಂತು ಮುಗಿದ ಮೇಲೆ ಸ್ನಾನ ತೆಗೆದು ಕೋಣೆಯ ಉಷ್ಣತೆಗೆ ಬರಲು ಬಿಡಿ. ಫ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬೆಳಕು ತಪ್ಪಿಸಿ.

ಕೆಲವು ಗಂಟೆಗಳಲ್ಲಿ ದ್ರಾವಣ ದಪ್ಪಗಿನ ಬಿಳಿ ಗಂಜಿಯಂತಾಗುತ್ತದೆ. ಅದು ಮೆಟಾ-ಕ್ಲೋರೋಬೆಂಜೋಯಿಕ್ ಆಮ್ಲ ಮತ್ತು ಅದರ ಲವಣ. ಡೈಕ್ಲೋರೋಮೀಥೇನ್‌ನಲ್ಲಿ ಅವು ಕರಗುವುದು ಕಡಿಮೆ. ಕಲಕುವ ಕಡ್ಡಿ ನಿಂತುಹೋಗದಂತೆ ಕಣ್ಣಿಡಿ, ನಿಂತರೆ ಸ್ವಲ್ಪ ದ್ರಾವಕ ಸೇರಿಸಿ.

ಟಿಎಲ್‌ಸಿ ನೋಡುವಾಗ ಯುವಿ ದೀಪ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕೀಟೋನೂ ಲ್ಯಾಕ್ಟೋನೂ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಹೊಳೆಯುವುದೆಲ್ಲ ಕ್ಲೋರೋಬೆಂಜೋಯಿಕ್ ಆಮ್ಲ. 2,4-ಡೈನೈಟ್ರೋಫೀನೈಲ್‌ಹೈಡ್ರಜೀನ್ ಲೇಪನದಲ್ಲಿ ಅದ್ದಿದರೆ ಕೀಟೋನ್ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಏಳುತ್ತದೆ, ಲ್ಯಾಕ್ಟೋನ್ ಸುಮ್ಮನಿರುತ್ತದೆ. ಕಿತ್ತಳೆ ಚುಕ್ಕೆ ಮಾಯವಾದಾಗ ಕ್ರಿಯೆ ಮುಗಿದಂತೆ. ಸಾಮಾನ್ಯವಾಗಿ ರಾತ್ರಿಯಿಡೀ ಬಿಟ್ಟರೆ ಸಾಕಾಗುತ್ತದೆ.

## ಮುಗಿಸುವುದು

ಫ್ಲಾಸ್ಕನ್ನು ಮತ್ತೆ 0 °Cಗೆ ತಂದು ಬಿಳಿ ಘನವನ್ನು ಸೋಸಿ, ತಣ್ಣಗಿನ ಡೈಕ್ಲೋರೋಮೀಥೇನ್‌ನಿಂದ ತೊಳೆಯಿರಿ. ಆಮ್ಲದ ಬಹುಪಾಲು ಇಲ್ಲೇ ಹೋಗುತ್ತದೆ. ಸೋಸಿ ಬಂದ ದ್ರಾವಣಕ್ಕೆ 10% ಸೋಡಿಯಂ ಸಲ್ಫೈಟ್ ದ್ರಾವಣ ಹಾಕಿ ಹತ್ತು ನಿಮಿಷ ಚೆನ್ನಾಗಿ ಕಲಕಿ. ಇದು ಉಳಿದ ಪೆರಾಸಿಡ್ಡನ್ನು ಕೊಲ್ಲುತ್ತದೆ. ಥಯೋಸಲ್ಫೇಟ್ ಕೂಡ ನಡೆಯುತ್ತದೆ, ಆದರೆ ಆಮ್ಲವಿದ್ದಲ್ಲಿ ಅದು ಗಂಧಕ ಬಿಟ್ಟು ಹಾಲಿನಂತೆ ಕದಡುತ್ತದೆ, ಪದರಗಳು ಬೇರೆಯಾಗುವುದು ಕಷ್ಟ. ನಾನು ಸಲ್ಫೈಟನ್ನೇ ಹಿಡಿಯುತ್ತೇನೆ.

ಈಗ ತಪ್ಪಿಸಲೇಬಾರದ ಒಂದು ಪರೀಕ್ಷೆ. ಪಿಷ್ಟ-ಅಯೋಡೈಡ್ ಕಾಗದವನ್ನು ನೀರಿನಲ್ಲಿ ಒದ್ದೆ ಮಾಡಿ ಸಾವಯವ ಪದರದ ಒಂದು ಹನಿ ಬಿಡಿ. ಕಾಗದ ನೀಲಿ-ಕಪ್ಪಾದರೆ ಪೆರಾಕ್ಸೈಡ್ ಇನ್ನೂ ಇದೆ, ಮತ್ತೆ ಸಲ್ಫೈಟ್ ಹಾಕಬೇಕು. ಬಣ್ಣ ಬರುವುದು ನಿಲ್ಲುವವರೆಗೆ ರೋಟರಿ ಆವಿಕಾರಕದ ಹತ್ತಿರ ಆ ಫ್ಲಾಸ್ಕ್ ಹೋಗಬಾರದು. ಸೋಸುಗಾಜಿನಲ್ಲಿ ಉಳಿದ ಬಿಳಿ ಘನಕ್ಕೂ ಇದೇ ಪರೀಕ್ಷೆ ಮಾಡಿ, ಸಲ್ಫೈಟ್‌ನಲ್ಲಿ ನೆನೆಸಿದ ಮೇಲೆಯೇ ತ್ಯಾಜ್ಯಕ್ಕೆ ಹಾಕಿ.

ಆಮೇಲೆ ಸಂತೃಪ್ತ ಸೋಡಿಯಂ ಬೈಕಾರ್ಬೊನೇಟ್‌ನಿಂದ ಎರಡು ಬಾರಿ ತೊಳೆದು, ಉಪ್ಪುನೀರಿನಿಂದ ಒಮ್ಮೆ ತೊಳೆದು, ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿ ದ್ರಾವಕ ತೆಗೆಯಿರಿ. ಆಮ್ಲವನ್ನು ಬೇಗ ಕಳೆಯಬೇಕೆಂದು ಸೋಡಿಯಂ ಹೈಡ್ರಾಕ್ಸೈಡ್ ಹಾಕುವವರಿದ್ದಾರೆ. ಅದು ಲ್ಯಾಕ್ಟೋನನ್ನೂ ತೆರೆದು ನೀರಿನ ಪದರಕ್ಕೆ ಒಯ್ಯುತ್ತದೆ, ಆಮೇಲೆ ಇಳುವರಿ ಏಕೆ ಇಲ್ಲವೆಂದು ಹುಡುಕಬೇಕಾಗುತ್ತದೆ. ಲೆಕ್ಕದ ಪ್ರಕಾರ ಪೂರ್ತಿ ಇಳುವರಿ 1.28 ಗ್ರಾಂ. ಅದಕ್ಕಿಂತ ಹೆಚ್ಚು ತೂಗಿದರೆ ಸಂತೋಷಪಡುವ ಮುಂಚೆ ಎನ್‌ಎಂಆರ್‌ನಲ್ಲಿ 7.4ರಿಂದ 8.1 ಪಿಪಿಎಂ ನಡುವೆ ನೋಡಿ. ಅಲ್ಲಿ ಸಂಕೇತ ಇದ್ದರೆ ಅದು ಕ್ಲೋರೋಬೆಂಜೋಯಿಕ್ ಆಮ್ಲ, ಮತ್ತೊಮ್ಮೆ ಬೈಕಾರ್ಬೊನೇಟ್ ಬೇಕು.

## ತೀರ್ಮಾನ ಸರಿಯಿತ್ತೇ

ಮೊದಲೇ ಬರೆದಿಟ್ಟ ಎರಡು ರಚನೆಗಳನ್ನು ಈಗ ತೆಗೆಯಿರಿ. ಪ್ರೋಟಾನ್ ಎನ್‌ಎಂಆರ್‌ನಲ್ಲಿ ನೋಡಬೇಕಾದ ಜಾಗ ಒಂದೇ: 4ರಿಂದ 4.6 ಪಿಪಿಎಂ, ಎಸ್ಟರ್ ಆಕ್ಸಿಜನ್‌ಗೆ ಅಂಟಿದ ಕಾರ್ಬನ್ ಮೇಲಿನ ಹೈಡ್ರೋಜನ್‌ಗಳ ಮನೆ.

C2 ದಾಟಿದ್ದರೆ ಆಕ್ಸಿಜನ್ ಪಕ್ಕದಲ್ಲಿ CH ಇದೆ. ಸುಮಾರು 4.4–4.5ರಲ್ಲಿ ಒಂದು ಹೈಡ್ರೋಜನ್‌ನ ಬಹುಕವಲಿನ ಸಂಕೇತ ಬರುತ್ತದೆ. ಮೀಥೈಲ್ ಕೂಡ ಆಕ್ಸಿಜನ್‌ಗೆ ಹತ್ತಿರ ಬಂದಿರುವುದರಿಂದ 1.35ರ ಆಸುಪಾಸಿನಲ್ಲಿ ಡಬ್ಲೆಟ್ ಆಗಿ ನಿಲ್ಲುತ್ತದೆ. C6 ದಾಟಿದ್ದರೆ ಆಕ್ಸಿಜನ್ ಪಕ್ಕದಲ್ಲಿ CH₂ ಇರುತ್ತದೆ, ಎರಡು ಹೈಡ್ರೋಜನ್‌ಗಳ ಸಂಕೇತ 4.2–4.3ರ ಸುತ್ತ, ಮೀಥೈಲ್ ಡಬ್ಲೆಟ್ 1.2ರ ಬಳಿ.

ಮಿಶ್ರಣ ಬಂದಿದ್ದರೆ ಅನುಪಾತ ತೆಗೆಯುವಾಗ ಹೈಡ್ರೋಜನ್ ಸಂಖ್ಯೆಯಿಂದ ಭಾಗಿಸಲು ಮರೆಯಬೇಡಿ. 4.45ರ ಸಂಕೇತದ ವಿಸ್ತೀರ್ಣ 1.00, 4.2ರದ್ದು 0.10 ಎಂದಿದ್ದರೆ, ಎರಡನೆಯದು ಎರಡು ಹೈಡ್ರೋಜನ್‌ಗಳದ್ದಾದ್ದರಿಂದ 0.05. ಅನುಪಾತ 95:5, ಮೇಲ್ನೋಟಕ್ಕೆ ಕಾಣುವ 91:9 ಅಲ್ಲ.

ಆರೈಲ್ ಕೀಟೋನಿಗೂ ಇದೇ ಕಣ್ಣು ಬೇಕು. 4-ಮೀಥಾಕ್ಸಿಅಸಿಟೋಫೀನೋನ್‌ನಲ್ಲಿ ಕಾರ್ಬೊನಿಲ್ ಪಕ್ಕದ ಉಂಗುರದ ಹೈಡ್ರೋಜನ್‌ಗಳು 7.9ರಲ್ಲಿರುತ್ತವೆ. ಆರೈಲ್ ದಾಟಿ ಅಸಿಟೇಟ್ ಆದರೆ ಅವು 7ರ ಬಳಿಗೆ ಇಳಿಯುತ್ತವೆ, ಅಸಿಟೈಲ್ ಮೀಥೈಲ್ 2.55ರಿಂದ 2.3ರ ಹತ್ತಿರಕ್ಕೆ ಬರುತ್ತದೆ. ಉಂಗುರದ ಹೈಡ್ರೋಜನ್‌ಗಳು 8ರಲ್ಲೇ ಉಳಿದು, 2.5ರ ಸಂಕೇತ ಮಾಯವಾಗಿ, 3.9ರ ಸುತ್ತ ಎರಡನೆಯ ಮೀಥಾಕ್ಸಿ ಕಂಡರೆ ಮೀಥೈಲ್ ದಾಟಿದೆ ಎಂದರ್ಥ. ಐಆರ್ ಈ ಪ್ರಶ್ನೆಗೆ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಕೀಟೋನ್ ಹೋಗಿ ಎಸ್ಟರ್ ಬಂದಿದೆ ಎಂದು ಅದು ಹೇಳುತ್ತದೆ. ನಮ್ಮ ಎರಡು ಲ್ಯಾಕ್ಟೋನ್‌ಗಳಲ್ಲಿ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ.

## ಎಡವುವ ಜಾಗಗಳು

ಕಿತ್ತಳೆ ಚುಕ್ಕೆ ಮಾರನೆಯ ದಿನವೂ ಹಾಗೇ ಇದೆಯೇ? ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಪಿಷ್ಟ-ಅಯೋಡೈಡ್ ಕಾಗದಕ್ಕೆ ಮುಟ್ಟಿಸಿ. ಕಾಗದ ಬಿಳಿಯಾಗಿಯೇ ಉಳಿದರೆ ಪೆರಾಸಿಡ್ ಮುಗಿದಿದೆ, 0 °Cಗೆ ಇಳಿಸಿ ಮತ್ತೆ 0.3 ಸಮಾನ ಹಾಕಿ. ನೀಲಿಯಾದರೆ ಪೆರಾಸಿಡ್ ಇದೆ, ಕೀಟೋನ್ ಸೋಮಾರಿ, ಇನ್ನಷ್ಟು ಹೊತ್ತು ಬಿಡಿ. ಬಿಸಿ ಮಾಡಿ ಓಡಿಸಬೇಡಿ. ಬಿಸಿಗೆ ಪೆರಾಸಿಡ್ ತಾನೇ ಒಡೆಯುತ್ತದೆ, ಅಪಾಯವೂ ಹೆಚ್ಚುತ್ತದೆ.

ಎನ್‌ಎಂಆರ್‌ನಲ್ಲಿ ನಿರೀಕ್ಷಿಸಿದ 4.45 ಇಲ್ಲ, ಅದರ ಬದಲು 3.8ರ ಸುತ್ತ ಒಂದು ಹೈಡ್ರೋಜನ್ ಕಂಡರೆ ವಲಸೆ ಸರಿಯಾಗಿಯೇ ನಡೆದಿದೆ, ಆಮೇಲೆ ಲ್ಯಾಕ್ಟೋನ್ ತೆರೆದುಕೊಂಡು 6-ಹೈಡ್ರಾಕ್ಸಿಹೆಪ್ಟನೋಯಿಕ್ ಆಮ್ಲ ಆಗಿದೆ. ಬಫರ್ ಕಡಿಮೆಯಾಗಿತ್ತೋ ಅಥವಾ ತೊಳೆಯುವಾಗ ಬಲವಾದ ಕ್ಷಾರ ಬಿತ್ತೋ, ಎರಡರಲ್ಲೊಂದು. 4.45 ಮತ್ತು 4.2 ಎರಡೂ ಗಣನೀಯವಾಗಿ ಕಂಡರೆ ಮೊದಲು ಬಾಟಲಿಯಲ್ಲಿದ್ದ ಕೀಟೋನಿನ ಎನ್‌ಎಂಆರ್ ತೆಗೆಯಿರಿ. ಬೇರೆ ಸ್ಥಾನದಲ್ಲಿ ಮೀಥೈಲ್ ಇರುವ ಕೀಟೋನ್ ಅದರಲ್ಲಿ ಬೆರೆತಿದ್ದರೆ, ಉದಾಹರಣೆಗೆ 3-ಮೀಥೈಲ್‌ಸೈಕ್ಲೋಹೆಕ್ಸನೋನ್, ಅದರ ಎರಡೂ ಬದಿ CH₂ ಆದ್ದರಿಂದ ಯಾವ ಬದಿ ದಾಟಿದರೂ OCH₂ ಸಂಕೇತವೇ ಬರುತ್ತದೆ, ತಪ್ಪು ಗುಂಪು ದಾಟಿದಂತೆ ಭ್ರಮೆಯಾಗುತ್ತದೆ. ಕೀಟೋನ್ ಶುದ್ಧವಿದ್ದೂ ಎರಡೂ ಬಂದಿದ್ದರೆ ಆಗ ಮಾತ್ರ ಪಟ್ಟಿಯನ್ನೂ ಜ್ಯಾಮಿತಿಯನ್ನೂ ಮತ್ತೆ ವಿಚಾರಿಸಬೇಕು.